60 ಡಿಗ್ರಿಗೆ ಥರ್ಮಿಸ್ಟರ್ ಜೊತೆ ಯಾವ ರೆಸಿಸ್ಟರ್: 10 ಕಿಲೋ ಓಮ್, 2.2 ಕಿಲೋ ಓಮ್, 1 ಕಿಲೋ ಓಮ್

ಬಾಳೆಹಣ್ಣಿನ ಹೋಳುಗಳನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸುವ ಸಣ್ಣ ಪೆಟ್ಟಿಗೆಯೊಂದಕ್ಕಾಗಿ ನಾನು ಕೊಂಡ ಸಿದ್ಧ ಸೆನ್ಸರ್ ಬೋರ್ಡಿನಲ್ಲಿ 10 ಕಿಲೋ ಓಮ್ ಥರ್ಮಿಸ್ಟರಿನ ಜೊತೆಗೆ 10 ಕಿಲೋ ಓಮ್ ಸ್ಥಿರ ರೆಸಿಸ್ಟರನ್ನೇ ಬೆಸುಗೆ ಹಾಕಿದ್ದರು. ಆ ರೆಸಿಸ್ಟರನ್ನು ಕಿತ್ತು 2.2 ಕಿಲೋ ಓಮ್ ಹಾಕಿದ ಮೇಲೆಯೇ ಹೀಟರಿನ ರಿಲೇ ನೆಮ್ಮದಿಯಾಗಿ ಕೆಲಸ ಮಾಡತೊಡಗಿತು. ಆದ್ದರಿಂದ ಈ ಹೋಲಿಕೆಯಲ್ಲಿ ನನ್ನ ಒಲವು ಯಾವುದರ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ 2.2 ಕಿಲೋ ಓಮ್‌ಗೂ ಒಂದು ತೊಡಕಿದೆ, ಅದನ್ನು ಬಗೆಹರಿಸದೆ ಈ ಬದಲಾವಣೆಯಿಂದ ಪೂರ್ಣ ಪ್ರಯೋಜನ ಸಿಗುವುದಿಲ್ಲ.

ಜೋಡಣೆ ಸರಳವಾದದ್ದು. 5 ವೋಲ್ಟಿನಿಂದ ಸ್ಥಿರ ರೆಸಿಸ್ಟರ್, ಅದರ ಕೆಳಗೆ ಗ್ರೌಂಡಿನವರೆಗೆ ಥರ್ಮಿಸ್ಟರ್, ಎರಡೂ ಸೇರುವಲ್ಲಿಂದ ಆರ್ಡುಯಿನೊ ಉನೊ ಬೋರ್ಡಿನ A0 ಪಿನ್ನಿಗೆ ಒಂದು ತಂತಿ. ಒಂದು ಡಿಗ್ರಿಗೆ ಎಷ್ಟು ವೋಲ್ಟ್ ಬದಲಾಗುತ್ತದೆ ಎಂಬುದನ್ನು ಈ ಸೂತ್ರ ಹೇಳುತ್ತದೆ:

```
|dV/dT| = V × (B/T²) × R × Rt / (R + Rt)²
```

ಇಲ್ಲಿ ಬಲಗಡೆಯ V ಜೋಡಣೆಗೆ ಕೊಟ್ಟ 5 ವೋಲ್ಟ್, R ಸ್ಥಿರ ರೆಸಿಸ್ಟರ್, Rt ಆ ತಾಪಮಾನದಲ್ಲಿ ಥರ್ಮಿಸ್ಟರಿನ ರೋಧ, T ಕೆಲ್ವಿನ್‌ನಲ್ಲಿ ತಾಪಮಾನ, B ಬಿಸಿಯಾದಂತೆ ಥರ್ಮಿಸ್ಟರಿನ ರೋಧ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಹೇಳುವ ಸಂಖ್ಯೆ. ನಮಗೆ ಬೇಕಾದ ತಾಪಮಾನವನ್ನು ನಿಗದಿ ಮಾಡಿಕೊಂಡು R ಒಂದನ್ನೇ ಬದಲಿಸುತ್ತಾ ಹೋದರೆ, R ಮತ್ತು Rt ಸಮನಾದಾಗ ಈ ಬೆಲೆ ಗರಿಷ್ಠವಾಗುತ್ತದೆ. ಥರ್ಮಿಸ್ಟರಿನ ಮೇಲೆ ಹೇಳುವ 10 ಕಿಲೋ ಓಮ್ ಎಂಬುದು 25 ಡಿಗ್ರಿಗೆ ಮಾತ್ರ ಸಲ್ಲುವ ಸಂಖ್ಯೆ ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ. ನನ್ನದರ B ಬೆಲೆ 3950. ಅದರಂತೆ ಲೆಕ್ಕ ಹಾಕಿದರೆ 60 ಡಿಗ್ರಿಯಲ್ಲಿ ರೋಧ ಸುಮಾರು 2,490 ಓಮ್‌ಗೆ ಇಳಿದಿರುತ್ತದೆ. ಕೈಯಲ್ಲಿರುವ ಥರ್ಮಿಸ್ಟರಿನ B ಗೊತ್ತಿಲ್ಲದವರು ಅದನ್ನು ನೀರು ಸೋಕದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಥರ್ಮಾಮೀಟರ್ ಇಟ್ಟ 60 ಡಿಗ್ರಿ ನೀರಿನಲ್ಲಿ ಅದ್ದಿ, ಮಲ್ಟಿಮೀಟರಿನಲ್ಲಿ ಅಳೆದರೆ ಸಾಕು. ಸೂತ್ರವೇ ಬೇಕಾಗುವುದಿಲ್ಲ.

10 ಕಿಲೋ ಓಮ್ ರೆಸಿಸ್ಟರಿನೊಂದಿಗೆ 60 ಡಿಗ್ರಿಯ ಬಳಿ ಒಂದು ಡಿಗ್ರಿಗೆ ಸಿಗುವುದು ಸುಮಾರು 28 ಮಿಲಿವೋಲ್ಟ್. ಉನೊ 5 ವೋಲ್ಟನ್ನು 1024 ಹಂತಗಳಾಗಿ ಓದುವುದರಿಂದ ಇದು ಡಿಗ್ರಿಗೆ ಆರು ಹಂತಗಳಿಗಿಂತಲೂ ಸ್ವಲ್ಪ ಕಡಿಮೆ. ಹೀಟರ್ ಹತ್ತುವ ಮತ್ತು ಆರುವ ತಾಪಮಾನಗಳ ನಡುವೆ ನಾನು ಅರ್ಧ ಡಿಗ್ರಿ ಅಂತರ ಇಟ್ಟಿದ್ದೆ, ಅಂದರೆ ಸುಮಾರು ಮೂರು ಹಂತ. ನನ್ನ ಬೋರ್ಡಿನಲ್ಲಿ ಓದಿಕೆ ಎರಡು ಹಂತ ಮೇಲಕ್ಕೂ ಎರಡು ಹಂತ ಕೆಳಕ್ಕೂ ಹೊಯ್ದಾಡುತ್ತಿದ್ದುದರಿಂದ ತಾಪಮಾನ ಬದಲಾಗದೆಯೇ ರಿಲೇ ಪದೇಪದೇ ಹತ್ತಿ ಆರುತ್ತಿತ್ತು. ಹಲವು ಓದಿಕೆಗಳ ಸರಾಸರಿ ತೆಗೆದರೂ ಇದು ತಗ್ಗುತ್ತದೆ ಎಂಬುದು ನಿಜ. ಆದರೂ ಒಂದು ರೆಸಿಸ್ಟರ್ ಬದಲಿಸಿ ಮೂಲದಲ್ಲಿಯೇ ಹೆಚ್ಚು ಸಂಕೇತ ಪಡೆಯುವುದು ನನಗೆ ಹೆಚ್ಚು ಒಪ್ಪುತ್ತದೆ.

2.2 ಕಿಲೋ ಓಮ್ ಹಾಕಿದಾಗ ಡಿಗ್ರಿಗೆ 44 ಮಿಲಿವೋಲ್ಟ್, ಅಂದರೆ ಒಂಬತ್ತು ಹಂತ ಸಿಗುತ್ತದೆ. ಅದೇ ಅರ್ಧ ಡಿಗ್ರಿ ಅಂತರ ಈಗ ನಾಲ್ಕೂವರೆ ಹಂತದಷ್ಟಾಗಿ, ಹೊಯ್ದಾಟವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಸರಿಯಾಗಿ 2,490 ಓಮ್ ಹುಡುಕುವ ಅಗತ್ಯವೇ ಇಲ್ಲ, ಏಕೆಂದರೆ ಗರಿಷ್ಠದ ಸುತ್ತ ಈ ವಕ್ರರೇಖೆ ಬಹಳ ಚಪ್ಪಟೆಯಾಗಿದೆ. 2.2 ಕಿಲೋ ಓಮ್‌ನಿಂದ ಆಗುವ ನಷ್ಟ ಶೇಕಡಾ ಅರ್ಧಕ್ಕಿಂತಲೂ ಕಡಿಮೆ, R ಎರಡು ಪಟ್ಟಾದರೂ ಅರ್ಧವಾದರೂ ನಷ್ಟ ಶೇಕಡಾ 11 ಮಾತ್ರ. ನಾಲ್ಕು ಪಟ್ಟು ದೂರ ಹೋದಾಗಲೇ, ಅಂದರೆ ನಮ್ಮ 10 ಕಿಲೋ ಓಮ್‌ನಂತೆ, ಅದು ಶೇಕಡಾ 36ಕ್ಕೆ ಮುಟ್ಟುತ್ತದೆ.

1 ಕಿಲೋ ಓಮ್ ಡಿಗ್ರಿಗೆ 36 ಮಿಲಿವೋಲ್ಟ್ ಕೊಡುತ್ತದೆ. ಅದು 10 ಕಿಲೋ ಓಮ್‌ಗಿಂತ ಮೇಲು, ಆದರೆ ಮುಂದೆ ಹೇಳುವ ತೊಡಕು ಇದರಲ್ಲಿಯೇ ಅತಿ ಹೆಚ್ಚು.

ಆ ತೊಡಕು ಥರ್ಮಿಸ್ಟರ್ ತನ್ನೊಳಗೆ ಹರಿಯುವ ವಿದ್ಯುತ್ತಿನಿಂದ ತಾನೇ ಬಿಸಿಯಾಗುವುದು. R ಕಡಿಮೆಯಾದಂತೆ ವಿದ್ಯುತ್ ಹೆಚ್ಚುತ್ತದೆ, ಥರ್ಮಿಸ್ಟರಿನಲ್ಲಿ ಹುಟ್ಟುವ ಶಾಖವೂ ಹೆಚ್ಚುತ್ತದೆ. 60 ಡಿಗ್ರಿಯಲ್ಲಿ 10 ಕಿಲೋ ಓಮ್‌ನೊಂದಿಗೆ ಈ ಶಾಖ ಸುಮಾರು 0.4 ಮಿಲಿವ್ಯಾಟ್, 2.2 ಕಿಲೋ ಓಮ್‌ನೊಂದಿಗೆ 2.8, 1 ಕಿಲೋ ಓಮ್‌ನೊಂದಿಗೆ 5.1. ಸಣ್ಣ ಮಣಿಯಂತಹ ಥರ್ಮಿಸ್ಟರ್ ನಿಶ್ಚಲ ಗಾಳಿಯಲ್ಲಿ ಸುಮಾರು 2 ಮಿಲಿವ್ಯಾಟಿಗೆ ಒಂದು ಡಿಗ್ರಿ ಏರುತ್ತದೆ ಎಂದಿಟ್ಟುಕೊಂಡರೆ, ತಪ್ಪು ಕ್ರಮವಾಗಿ 0.2, 1.4 ಮತ್ತು 2.6 ಡಿಗ್ರಿಯಾಗುತ್ತದೆ. ಅರ್ಧ ಡಿಗ್ರಿಗಾಗಿ ಹೋರಾಡುತ್ತಿರುವಾಗ 1.4 ಡಿಗ್ರಿಯ ತಪ್ಪು ಸಣ್ಣದಲ್ಲ.

ಈ ತಪ್ಪು ಯಾವಾಗಲೂ ಒಂದೇ ಆಗಿದ್ದರೆ ಅದನ್ನು ಕಳೆದು ಸುಮ್ಮನಾಗಬಹುದಿತ್ತು. ಆದರೆ ಒಣಗಿಸುವ ಪೆಟ್ಟಿಗೆಯಲ್ಲಿ ಫ್ಯಾನ್ ಇರುತ್ತದೆ, ಗಾಳಿ ಬೀಸಿದಾಗ ಮಣಿ ಬೇಗ ತಣಿಯುತ್ತದೆ, ತಟ್ಟೆಗಳ ತುಂಬ ಹೋಳುಗಳನ್ನು ಹರಡಿದಾಗ ಗಾಳಿಯ ದಾರಿ ಬದಲಾಗುತ್ತದೆ, ಅದರೊಂದಿಗೆ ತಪ್ಪಿನ ಪ್ರಮಾಣವೂ ಬದಲಾಗುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಹೀಟರ್ ಆರಿಸಿ, ಕೋಣೆಯ ಉಷ್ಣತೆಯಲ್ಲಿ ಬೋರ್ಡಿಗೆ ವಿದ್ಯುತ್ ಕೊಟ್ಟು ಅದು ತೋರಿಸುವ ತಾಪಮಾನವನ್ನು ಗಮನಿಸಬೇಕು. ಮೊದಲ ಒಂದೆರಡು ನಿಮಿಷ ಅದು ನಿಧಾನವಾಗಿ ಏರುತ್ತಾ ಹೋಗಿ, ಫ್ಯಾನ್ ಹಾಕಿದೊಡನೆ ಕೆಳಗಿಳಿದರೆ, ಥರ್ಮಿಸ್ಟರ್ ಅಳೆಯುತ್ತಿರುವುದು ಗಾಳಿಯ ಜೊತೆಗೆ ತನ್ನದೇ ಬಿಸಿಯನ್ನೂ ಎಂದು ತಿಳಿಯಬೇಕು.

ಪರಿಹಾರಕ್ಕೆ ಹೊಸ ಭಾಗವೇನೂ ಬೇಡ. ಸ್ಥಿರ ರೆಸಿಸ್ಟರಿನ ಮೇಲ್ತುದಿಯನ್ನು 5 ವೋಲ್ಟಿಗೆ ಕೊಡುವ ಬದಲು ಒಂದು ಡಿಜಿಟಲ್ ಪಿನ್ನಿಗೆ ಕೊಟ್ಟು, ಆ ಪಿನ್ನನ್ನು `setup()` ಒಳಗೆ `OUTPUT` ಮಾಡಿಟ್ಟು, ಓದುವ ಕ್ಷಣದಲ್ಲಿ ಮಾತ್ರ ವಿದ್ಯುತ್ ಹರಿಸಬೇಕು:

```
digitalWrite(7, HIGH);
delay(10);
int n = analogRead(A0);
digitalWrite(7, LOW);
```

ಸೆಕೆಂಡಿಗೊಮ್ಮೆ ಹೀಗೆ ಓದಿದರೆ ಸರಾಸರಿ ಶಾಖ ನೂರರಲ್ಲಿ ಒಂದು ಭಾಗಕ್ಕೆ ಇಳಿದು, ಆ 1.4 ಡಿಗ್ರಿ ಲೆಕ್ಕಕ್ಕೆ ಬಾರದಷ್ಟಾಗುತ್ತದೆ. ಪಿನ್ನಿನ ಒಳಗಿನ ಕೆಲವು ಹತ್ತು ಓಮ್ ರೋಧವು 2,200ಕ್ಕೆ ಸೇರಿಕೊಳ್ಳುವುದರಿಂದ ಒಂದಿಷ್ಟು ವ್ಯತ್ಯಾಸ ಬರುತ್ತದೆ. ಅದು ಗಾಳಿಯೊಂದಿಗೆ ಬದಲಾಗುವಂಥದ್ದಲ್ಲವಾದ್ದರಿಂದ, ನಂಬಿಕೆಯ ಥರ್ಮಾಮೀಟರಿನೊಂದಿಗೆ 60 ಡಿಗ್ರಿಯಲ್ಲಿ ಹೋಲಿಸಿ ಒಮ್ಮೆ ಸರಿಪಡಿಸಿದರೆ ಮುಗಿಯಿತು.

60ರ ಸುತ್ತಲಿನ ಹತ್ತಾರು ಡಿಗ್ರಿಗಳಲ್ಲಿಯೂ ತಾಪಮಾನವನ್ನು ನೇರ ಗೆರೆಯಂತೆ ಓದಬೇಕೆನ್ನುವವರು 1.8 ಕಿಲೋ ಓಮ್ ಬಳಸಲಿ. ಅಲ್ಲಿ ವಕ್ರರೇಖೆಯ ಬಾಗು ಸರಿಸುಮಾರು 60ರಲ್ಲಿಯೇ ಇಲ್ಲವಾಗುತ್ತದೆ, ಸೂಕ್ಷ್ಮತೆಯಲ್ಲಿ ಶೇಕಡಾ ಮೂರರಷ್ಟನ್ನು ಬಿಟ್ಟುಕೊಟ್ಟರೆ ಸಾಕು. ನಾನು ಕಾಯ್ದುಕೊಳ್ಳುವುದು ಒಂದೇ ತಾಪಮಾನವಾದ್ದರಿಂದ ನನಗೆ ಅದರ ಅಗತ್ಯ ಬೀಳಲಿಲ್ಲ, ಮತ್ತು 2.2 ಕಿಲೋ ಓಮ್ ನನ್ನ ಡಬ್ಬಿಯಲ್ಲಿ ಸದಾ ಇರುವ ಬೆಲೆ.

ಕೋಣೆಯ ಉಷ್ಣತೆಯನ್ನು ಅಳೆಯುವವರಿಗೆ 10 ಕಿಲೋ ಓಮ್ ರೆಸಿಸ್ಟರೇ ಸರಿಯಾದ ಜೋಡಿ. 25 ಡಿಗ್ರಿಯಲ್ಲಿ ಅದು ಡಿಗ್ರಿಗೆ 56 ಮಿಲಿವೋಲ್ಟ್ ಕೊಡುತ್ತದೆ, ನನ್ನ 2.2 ಅಲ್ಲಿ 33ಕ್ಕೆ ಕುಸಿಯುತ್ತದೆ. 60ರಲ್ಲಿಯೇ ನಿಲ್ಲಬೇಕಾದ ಪೆಟ್ಟಿಗೆಗೆ 2.2 ಕೊಳ್ಳುವವರು ಶೇಕಡಾ 5 ತಪ್ಪಿನ ಕಾರ್ಬನ್ ಫಿಲ್ಮ್ ಬೇಡವೆಂದು, ಶೇಕಡಾ 1ರ ಮೆಟಲ್ ಫಿಲ್ಮನ್ನೇ ಕೇಳಿ ಪಡೆಯಬೇಕು. ಈ ತಾಪಮಾನದಲ್ಲಿ R ಶೇಕಡಾ 5 ತಪ್ಪಿದರೆ ಓದಿಕೆ 1.4 ಡಿಗ್ರಿ ತಪ್ಪುತ್ತದೆ, ಶೇಕಡಾ 1 ತಪ್ಪಿದರೆ 0.3 ಡಿಗ್ರಿಯಷ್ಟೆ, ಎರಡರ ದರದಲ್ಲಿ ವ್ಯತ್ಯಾಸ ಅತ್ಯಲ್ಪ. ಆ ರೆಸಿಸ್ಟರನ್ನು ಬಿಸಿ ಗಾಳಿ ತಾಗದಂತೆ ಪೆಟ್ಟಿಗೆಯ ಹೊರಗೆ, ಬೋರ್ಡಿನ ಮೇಲೆಯೇ ಇಟ್ಟು, ಥರ್ಮಿಸ್ಟರನ್ನು ಮಾತ್ರ ತಂತಿಯ ತುದಿಯಲ್ಲಿ ಒಳಗೆ ಬಿಡಬೇಕು.