47,600 ರೂಪಾಯಿ ಸೀರೆ, ಎರಡು ಸಾವಿರದ ಜರಿ

ನಮ್ಮ ಬೀದಿಗೆ ಆಗಾಗ ಹಳೆ ಜರಿ ಸೀರೆ ಕೊಳ್ಳುವವರು ಬರುತ್ತಾರೆ. ಹೋದ ತಿಂಗಳು ಅಮ್ಮನ ಹರಿದುಹೋದ ಧಾರೆ ಸೀರೆ ಕೊಟ್ಟೆವು. ಅವರು ಸೆರಗಿನ ಹಿಂಬದಿಯಿಂದ ಒಂದೆಳೆ ಜರಿ ಎಳೆದು, ಒರೆಗಲ್ಲಿಗೆ ಉಜ್ಜಿ, ಸಣ್ಣ ಬಾಟಲಿಯಿಂದ ಒಂದು ಹನಿ ಆಸಿಡ್ ಬಿಟ್ಟರು. ನೋಡಿ ತಲೆಯಾಡಿಸಿ ಒಂಬತ್ತು ಸಾವಿರ ಎಣಿಸಿ ಕೊಟ್ಟರು. ಹರಿದ ಸೀರೆಗೆ ಇಷ್ಟು ಬಂದರೆ ನನ್ನದಕ್ಕೆ ಎಷ್ಟಿರಬಹುದು ಅಂತ ಸುಮ್ನೆ ಒಂದು ಕುತೂಹಲ. ತಂಗಿ ಮದುವೆಗೆ ತೊಗೊಂಡಿದ್ದ ಕಾಂಚೀಪುರಂ ಸೀರೆ ತಂದು ತೋರಿಸಿದೆ. ಒಂದೆಳೆ, ಒಂದು ಉಜ್ಜು, ಒಂದು ಹನಿ. ಕಲ್ಲಿನ ಮೇಲೆ ಹಸಿರು ನೊರೆ ಬಂತು.

"ಅಕ್ಕಾ, ಇದು ತಾಮ್ರ. ಮಡಚಿ ಒಳಗಿಡಿ."

ಎರಡು ವರ್ಷದ ಹಿಂದೆ ಆ ಸೀರೆಗೆ ನಾನು ಕೊಟ್ಟಿದ್ದು 47,600 ರೂಪಾಯಿ. ಚೀಟಿಯಲ್ಲಿದ್ದ ಬೆಲೆ 68,000. ಮದುವೆ ಸೀಸನ್ ಅಂತ ಶೇಕಡಾ 30 ಬಿಟ್ಟಿದ್ದರು. ಅಂಗಡಿಯವರು ಸೀರೆ ಹರಡಿ, "ಇನ್ನೂರು ಗ್ರಾಂ ಪ್ಯೂರ್ ಜರಿ ಇದೆ ಮೇಡಂ, ಬೆಳ್ಳಿ ರೇಟು ನೀವೇ ನೋಡ್ತಿದ್ದೀರಲ್ಲ" ಅಂದರು. ಅಂಚು ಬೇರೆ ಬಣ್ಣ, ಸೆರಗು ಇನ್ನೊಂದು ಬಣ್ಣ, ಹಾಗಾಗಿ ಡೈಯಿಂಗ್ ಖರ್ಚೇ ಜಾಸ್ತಿ ಅಂತಲೂ ಸೇರಿಸಿದರು. ಸಿಲ್ಕ್ ಮಾರ್ಕ್ ಚೀಟಿ ನೇತಾಡುತ್ತಿತ್ತು. ನಾನು ಅದನ್ನು ನೋಡಿ ನೆಮ್ಮದಿ ಪಟ್ಟೆ. ಆ ಚೀಟಿ ಹೇಳುವುದು ರೇಷ್ಮೆ ಅಸಲಿ ಅಂತ ಮಾತ್ರ. ಜರಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದು ಗೊತ್ತಿದ್ದರೆ ಈ ಬರಹ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನಮ್ಮ ಪರಿಚಯದ ಒಬ್ಬರು ಕಾಂಚೀಪುರದಲ್ಲಿ ಮಗ್ಗದವರಿಗೆ ಹಾಸು, ಜರಿ ಕೊಟ್ಟು ಸೀರೆ ನೇಯಿಸುತ್ತಾರೆ. ಅವರ ಹತ್ತಿರ ಫೋನಿನಲ್ಲಿ ಅತ್ತುಕೊಂಡೆ. ಅವರು ನಗಲಿಲ್ಲ, "ಪೇಪರ್ ಪೆನ್ ತೊಗೋಮ್ಮಾ" ಅಂದರು. ನಾನು ಕೊಂಡ ದಿನಗಳ ರೇಟು ಹಿಡಿದು, ಅಂಗಡಿಯವರ ಮಾತು ನಿಜ ಅಂತಲೇ ಮೊದಲು ಲೆಕ್ಕ ಹಾಕಿಸಿದರು.

ಇನ್ನೂರು ಗ್ರಾಂ ಜರಿ ಅಂದರೆ ಇನ್ನೂರು ಗ್ರಾಂ ಬೆಳ್ಳಿ ಅಲ್ಲ. ಜರಿಯ ಒಳಗೆ ರೇಷ್ಮೆ ದಾರ ಇರುತ್ತದೆ. ಅದರ ಸುತ್ತ ಚಪ್ಪಟೆ ಮಾಡಿದ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಡುತ್ತಾರೆ. ಕಾಂಚೀಪುರದ ಅಸಲಿ ಜರಿಗೆ ಹೇಳುವ ಪ್ರಮಾಣದಲ್ಲಿ ಬೆಳ್ಳಿ ಶೇಕಡಾ 57, ರೇಷ್ಮೆ 24, ಚಿನ್ನ 0.6, ಉಳಿದದ್ದು ತಾಮ್ರ. ಹಾಗಾದರೆ ನನ್ನ ಸೀರೆಯಲ್ಲಿ ಇರಬೇಕಾದ ಬೆಳ್ಳಿ 114 ಗ್ರಾಂ, ಚಿನ್ನ 1.2 ಗ್ರಾಂ. ಗ್ರಾಂ ಬೆಳ್ಳಿಗೆ 90, ಚಿನ್ನಕ್ಕೆ 7,000 ಹಿಡಿದರೆ ಎರಡೂ ಸೇರಿ 18,660 ಆಯಿತು. ಒಳಗಿನ ದಾರ, ತಾಮ್ರ, ಜರಿ ಮಾಡುವ ಕೂಲಿ ಸೇರಿಸಿ 21,000 ಅಂತ ಇಟ್ಟುಕೊಂಡೆವು.

ರೇಷ್ಮೆ ಸುಮಾರು ಅರ್ಧ ಕೆಜಿ. ಹಸಿ ರೇಷ್ಮೆಯನ್ನು ಸೋಪಿನ ನೀರಲ್ಲಿ ಕುದಿಸಿ ಅಂಟು ತೆಗೆದಾಗ ಹೆಚ್ಚು ಕಡಿಮೆ ಕಾಲು ಭಾಗ ತೂಕ ಹೋಗುತ್ತದೆ. ಆ ನಷ್ಟವನ್ನೂ ಹಿಡಿದರೆ 4,000. ನೇಯ್ಗೆ ಕೂಲಿ 7,000. ಅಂಚನ್ನು ಬೇರೆ ಲಾಳಿಯಲ್ಲಿ ಹಾಕಿ ಒಡಲಿಗೆ ಕೊಂಡಿ ಹಾಕುವ ಕೊರ್ವೈ ಕೆಲಸ ಇದು. ಮಗ್ಗದಲ್ಲಿ ಇಬ್ಬರು ಕೂರಬೇಕು, ಹತ್ತು ಹನ್ನೆರಡು ದಿನ ಹಿಡಿಯುತ್ತದೆ.

ಡೈಯಿಂಗ್ ಎಷ್ಟು ಅಂತ ಕೇಳಿದ್ದಕ್ಕೆ "ಆರುನೂರು ಬರಿ" ಅಂದರು. ನನಗೆ ನಂಬಿಕೆ ಬರಲಿಲ್ಲ. ಒಡಲು, ಅಂಚು, ಸೆರಗಿಗೆ ಬೇಕಾದ ನೂಲಿನ ಲಡಿಗಳನ್ನು ಬೇರೆ ಬೇರೆ ಬಣ್ಣದಲ್ಲಿ ಅದ್ದುವುದು ನಿಜ. ಆದರೆ ಅದು ನೂರುಗಳ ಲೆಕ್ಕ, ಸಾವಿರಗಳದ್ದಲ್ಲ. ಅಂಗಡಿಯಲ್ಲಿ ಬಣ್ಣದ ಬಗ್ಗೆ ಜಾಸ್ತಿ ಮಾತಾಡಿದರೆ ಜರಿಯಿಂದ ನಮ್ಮ ಗಮನ ತಪ್ಪಿಸುತ್ತಿದ್ದಾರೆ ಅಂತ ನಾನಂತೂ ಈಗ ಅನುಮಾನಪಡುತ್ತೇನೆ.

ಒಟ್ಟು 32,600. ನಾನು ಕೊಟ್ಟದ್ದರಲ್ಲಿ ಉಳಿಯುವುದು 15,000. ಅದರಲ್ಲಿ ನೇಯಿಸುವವರ ಪಾಲು, ಜಿಎಸ್‌ಟಿ, ಅಂಗಡಿ ಬಾಡಿಗೆ, ಎಸಿ, ಸಂಬಳ, ಲಾಭ ಎಲ್ಲ ಬರಬೇಕು. ಇಷ್ಟು ಮಾರ್ಜಿನ್‌ಗೆ ನನ್ನ ತಕರಾರಿಲ್ಲ. ಜರಿ ಅಸಲಿ ಆಗಿದ್ದರೆ ಬೆಲೆ ಸರಿಯಾಗಿಯೇ ಇತ್ತು. ನಾನು ಮೋಸ ಹೋಗಿದ್ದು ಅಲ್ಲೇ. ಬೆಲೆ ಅನುಮಾನ ಬರುವಷ್ಟು ಕಡಿಮೆಯೂ ಇರಲಿಲ್ಲ, ಬಾಯಿಬಿಡುವಷ್ಟು ಹೆಚ್ಚೂ ಇರಲಿಲ್ಲ.

ಆಮೇಲೆ ಒಂದೇ ಸಾಲು ತಿದ್ದಿಸಿದರು. 21,000 ಹೊಡೆದುಹಾಕಿ 2,000 ಬರೆಸಿದರು. ತಾಮ್ರದ ತಂತಿಗೆ ತೆಳ್ಳಗೆ ಬೆಳ್ಳಿ ನೀರು ಹಿಡಿಸಿದ ಜರಿಗೆ ಅಷ್ಟೇ. ವ್ಯಾಪಾರದವರು ಇದನ್ನು ಟೆಸ್ಟೆಡ್ ಜರಿ ಅನ್ನುತ್ತಾರೆ. ಏನೋ ಪರೀಕ್ಷೆ ಪಾಸಾಗಿದೆ ಅನ್ನಿಸುವ ಹೆಸರು, ಅಲ್ವಾ? ಅಸಲು 13,600ಕ್ಕೆ ಇಳಿಯಿತು, ಮಾರ್ಜಿನ್ 34,000ಕ್ಕೆ ಏರಿತು. ರೇಷ್ಮೆ, ಬಣ್ಣ, ಕೂಲಿ ಒಂದೂ ಬದಲಾಗಲಿಲ್ಲ. ನೇಯ್ದವರಿಗೆ ಎರಡೂ ಕಡೆ ಅದೇ ಏಳು ಸಾವಿರ.

"ಸೀರೆ ತೂಗಿ ನೋಡಿದ್ದರೆ ಗೊತ್ತಾಗುತ್ತಿತ್ತಾ?" ಅಂತ ಕೇಳಿದೆ. ಆಗುವುದಿಲ್ಲವಂತೆ. ತಾಮ್ರವೂ ಭಾರವೇ. ತಕ್ಕಡಿ ಇಡೀ ಸೀರೆಯ ತೂಕ ಹೇಳುತ್ತದೆ. ಜರಿ ಎಷ್ಟು ಗ್ರಾಂ ಹೋಯಿತು ಅಂತ ನಿಜವಾಗಿ ಗೊತ್ತಿರುವುದು ನೇಯಿಸುವವರಿಗೆ. ಅವರು ಮಗ್ಗಕ್ಕೆ ತೂಕ ಮಾಡಿ ಕೊಟ್ಟು, ಉಳಿದದ್ದನ್ನು ತೂಕ ಮಾಡಿ ವಾಪಸ್ ತೊಗೊಳ್ಳುತ್ತಾರೆ. ಉಗುರಲ್ಲಿ ಕೆರೆದು ಒಳಗೆ ಕೆಂಪು ಕಂಡರೆ ಅಸಲಿ ಅನ್ನುವುದನ್ನೂ ನಂಬಬೇಡಿ. ಅಸಲಿ ಜರಿಯ ಒಳದಾರಕ್ಕೆ ಕೆಂಪು ಬಣ್ಣ ಹಾಕಿರುತ್ತಾರೆ, ತಾಮ್ರವೂ ಕೆಂಪೇ.

ಒಡವೆ ಪರೀಕ್ಷಿಸುವ ಎಕ್ಸ್‌ಆರ್‌ಎಫ್ ಯಂತ್ರ ಮಾತ್ರ ಸೀರೆ ಕೆಡಿಸದೆ ಉತ್ತರ ಕೊಡುತ್ತದೆ. ಯಂತ್ರ ಲೋಹವನ್ನಷ್ಟೇ ಲೆಕ್ಕ ಹಾಕುತ್ತದೆ, ರೇಷ್ಮೆ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಮೇಲಿನ ಪ್ರಮಾಣದ ಜರಿಯಾದರೆ ಬೆಳ್ಳಿ 57 ಅಲ್ಲ, 75ರ ಆಸುಪಾಸು ತೋರಿಸಬೇಕು. ನನ್ನದನ್ನು ಇಟ್ಟು ನೋಡಿಸಿದೆ. ಬೆಳ್ಳಿ ಎರಡು ಶೇಕಡಾ ಕೂಡ ಇರಲಿಲ್ಲ. ಇನ್ನೊಂದು ಮಾತು: ಯಂತ್ರ ಜರಿ ಎಂಥದ್ದು ಅಂತ ಹೇಳುತ್ತದೆ, ಎಷ್ಟು ಗ್ರಾಂ ಅಂತ ಹೇಳುವುದಿಲ್ಲ.

ಆ ರಿಪೋರ್ಟ್ ಹಿಡಿದು ಅಂಗಡಿಗೆ ಹೋದೆ. ಅವರು ಜಗಳ ಆಡಲಿಲ್ಲ, ಕಾಫಿ ತರಿಸಿದರು. ನನ್ನ ಬಿಲ್ಲನ್ನೇ ನನ್ನ ಮುಂದೆ ಇಟ್ಟು, "ಇದರಲ್ಲಿ ಜರಿ ಅಂತ ಎಲ್ಲಿದೆ ತೋರಿಸಿ ಮೇಡಂ" ಅಂದರು. ಬಿಲ್ಲಿನಲ್ಲಿದ್ದದ್ದು "ಪ್ಯೂರ್ ಸಿಲ್ಕ್ ಸಾರಿ, 1" ಅಷ್ಟೇ. ರೇಷ್ಮೆ ನಿಜವಾಗಿಯೂ ಪ್ಯೂರ್. ಇನ್ನೂರು ಗ್ರಾಂ ಅನ್ನುವುದು ಬಾಯಿಮಾತಾಗಿತ್ತು.

ಮೊನ್ನೆ ಅತ್ತಿಗೆಗೆ ಸೀರೆ ನೋಡಲು ಬೇರೆ ಕಡೆ ಹೋಗಿದ್ದೆವು. ಅಲ್ಲೂ 150 ಗ್ರಾಂ ಪ್ಯೂರ್ ಜರಿ ಅಂದರು, 39,000 ಹೇಳಿದರು. "ಜರಿ ಅಸಲಿ, ಬೆಳ್ಳಿ ಇಷ್ಟು ಶೇಕಡಾ, ತೂಕ ಇಷ್ಟು ಅಂತ ಬಿಲ್ಲಿನಲ್ಲಿ ಬರೆದುಕೊಡಿ, ಈಗಲೇ ದುಡ್ಡು ಕೊಡ್ತೀನಿ" ಅಂದೆ. ಮಾರುತ್ತಿದ್ದ ಹುಡುಗ ಒಳಗೆ ಹೋಗಿ ಓನರ್ ಹತ್ತಿರ ಏನೋ ಮಾತಾಡಿ ಬಂದ. ಆ ಸೀರೆ ಮಡಚಿ ಪಕ್ಕಕ್ಕಿಟ್ಟು, "ಇದು ಬೇಡ ಅಕ್ಕಾ, ನಿಮಗೆ ಬೇರೆ ತೋರಿಸ್ತೀನಿ" ಅಂದ.