ರೊಟ್ಟಿ ಎಣಿಸಲು ಹತ್ತರ ಲೆಕ್ಕವೋ, ಡಜನ್ ಲೆಕ್ಕವೋ?

ಕಲಬುರಗಿಯಲ್ಲಿ ಮದುವೆ ಮನೆಗೆ ಖಡಕ್ ರೊಟ್ಟಿ ತರಿಸಿದರೆ ಎಣಿಸಿಕೊಳ್ಳಲೇಬೇಕು. ಬೆರಳು ಮಡಚುತ್ತಾ ಹೋದರೆ ಹತ್ತಕ್ಕೆ ಎರಡೂ ಕೈ ಬೇಕು. ಹಾಗಾದರೆ ರೊಟ್ಟಿ ಎತ್ತಿಡುವವರು ಯಾರು?

ಡಜನ್ ಲೆಕ್ಕಕ್ಕೆ ಒಂದೇ ಕೈ ಸಾಕು. ಹೆಬ್ಬೆರಳನ್ನು ಕಿರುಬೆರಳಿನ ಬುಡದ ಭಾಗಕ್ಕೆ ಇಡಿ, ಆಮೇಲೆ ನಡುವಿನದು, ಆಮೇಲೆ ತುದಿಯದು. ಮೂರಾಯಿತು. ನಾಲ್ಕು ಬೆರಳಿಗೆ ಹನ್ನೆರಡು. ಒಂದು ಡಜನ್ ಆದಾಗ ಇನ್ನೊಂದು ಕೈಯ ಒಂದು ಬೆರಳು ಮಡಚಿ. ಐದೂ ಮಡಚಿದರೆ 60.

ನೂರು ರೊಟ್ಟಿ ಬಂದಿದೆ ಅಂದುಕೊಳ್ಳಿ. ಐದು ಬೆರಳು ಒಮ್ಮೆ ಪೂರ್ತಿ ಮಡಚಿ, ಮತ್ತೆ ಮೊದಲಿನಿಂದ ಮೂರು ಮಡಚಿದಾಗ 96. ಮುಂದೆ ಹೆಬ್ಬೆರಳು ಉಂಗುರ ಬೆರಳಿನ ಬುಡದಲ್ಲಿ ನಿಂತರೆ ನಾಲ್ಕು, ಲೆಕ್ಕ ಸರಿ.

ಜಾಸ್ತಿ ತಪ್ಪಾಗುವುದು ಗೆರೆಗಳಿಂದ. ಕೆಲವರು ಬೆರಳಿನ ಮೂರು ಗೆರೆ ಎಣಿಸಿ ತುದಿಯನ್ನೂ ಸೇರಿಸುತ್ತಾರೆ. ಆಗ ಬೆರಳಿಗೆ ನಾಲ್ಕು, ಕೈಗೆ 16! ಪ್ರತಿ ಬೆರಳು ಮುಗಿದಾಗ 3, 6, 9, 12 ಬರುತ್ತಿದೆಯಾ ನೋಡಿ. ಇಬ್ಬರು ಸೇರಿ ಎಣಿಸುವಾಗಲಂತೂ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಹಂಚುವಾಗಲೂ ಡಜನ್ನೇ ಸಲೀಸು. ಹನ್ನೆರಡನ್ನು ಮೂವರಿಗೂ ನಾಲ್ವರಿಗೂ ಮುರಿಯದೆ ಕೊಡಬಹುದು. ಹತ್ತು ಹಾಗೆ ಒಡೆಯುವುದಿಲ್ಲ. ಆದರೆ ದುಡ್ಡಿನ ಲೆಕ್ಕಕ್ಕೆ ಹತ್ತೇ ವಾಸಿ. ಬಾಳೆಹಣ್ಣು ಡಜನ್ನಿಗೆ 60 ರೂಪಾಯಿ ಅಂದರೆ ಒಂದಕ್ಕೆ 5. ಅದೇ 50 ಅಂದರೆ ಒಂದರ ಬೆಲೆ ಸುಲಭಕ್ಕೆ ಸಿಗಲ್ಲ ಅಲ್ವಾ?

ಎಣಿಸಿ ಹಂಚುವ ಕೆಲಸವಿದ್ದರೆ ನಾನು ಡಜನ್ನನ್ನೇ ಆರಿಸುತ್ತೇನೆ. ಚೀಟಿಯಲ್ಲಿ ಮಾತ್ರ ಒಟ್ಟು ಸಂಖ್ಯೆಯನ್ನೇ ಬರೆಯುತ್ತೇನೆ.