ಒಂದೇ ಬ್ಯಾಚಿನ ಕೀಬೋರ್ಡ್‌ಗಳು ಸಾಲಾಗಿ ಕೆಟ್ಟರೆ "ಚಹಾ ಬಿದ್ದಿದೆ" ಅನ್ನೋ ಮಾತು ಒಪ್ಪಬೇಡಿ

ಸೈಬರ್ ಕೆಫೆ, ಝೆರಾಕ್ಸ್, ಆನ್‌ಲೈನ್ ಅರ್ಜಿ ಕೆಲಸ ಮಾಡುವವರೆಲ್ಲ ದಯವಿಟ್ಟು ಓದಿ. ಕಲಬುರಗಿಯಲ್ಲಿ ನಮ್ಮದೊಂದು ಕೆಫೆ ಇದೆ. ದೀಪಾವಳಿ ಹೊತ್ತಿಗೆ ಬೆಂಗಳೂರಿನ ಹೋಲ್‌ಸೇಲ್ ವ್ಯಾಪಾರಿಯೊಬ್ಬರಿಂದ 12 ಕೀಬೋರ್ಡ್ ತರಿಸಿದೆ. ಬಿಲ್ಲಿನಲ್ಲೇ ಒಂದು ವರ್ಷ ವಾರಂಟಿ ಅಂತಿತ್ತು. ಶಿವರಾತ್ರಿ ಮುಗಿಯುವಷ್ಟರಲ್ಲಿ 7 ಕೈಕೊಟ್ಟವು.

ಮೊದಲು ಗೊತ್ತಾಗಿದ್ದು ಪಾಸ್‌ವರ್ಡ್‌ನಿಂದ. ವಿದ್ಯಾರ್ಥಿವೇತನದ ಅರ್ಜಿ ಹಾಕಲು ಬಂದ ಹುಡುಗಿಯೊಬ್ಬಳು ಸರಿಯಾದ ಪಾಸ್‌ವರ್ಡ್ ಹೊಡೆದರೂ ತಪ್ಪು ಅಂತ ಬರುತ್ತಿತ್ತು. ಪಾಪ, ಅಳುವ ಹಾಗಾಗಿದ್ದಳು. ಪಕ್ಕದಲ್ಲಿ ನಿಂತು ನೋಡಿದೆ. ಹತ್ತು ಅಕ್ಷರ ಒತ್ತಿದರೆ ಪರದೆ ಮೇಲೆ ಎಂಟೇ ಚುಕ್ಕಿ. ನೋಟ್‌ಪ್ಯಾಡ್ ತೆರೆದು ನೋಡಿದರೆ A, Q, Z, 1 ನಾಲ್ಕೂ ಬೀಳುತ್ತಿಲ್ಲ. ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಅದೇ ಕಥೆ.

ಇಲ್ಲೊಂದು ವಿಷಯ ಗೊತ್ತಿರಬೇಕು. ಈ ಅಗ್ಗದ ಕೀಬೋರ್ಡ್‌ಗಳ ಒಳಗೆ ಒಂದರ ಮೇಲೊಂದು ಮೂರು ತೆಳು ಪ್ಲಾಸ್ಟಿಕ್ ಹಾಳೆ ಇರುತ್ತವೆ. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ಬೆಳ್ಳಿ ಬಣ್ಣದ ಗೆರೆಗಳು. ಒಂದೊಂದು ಗೆರೆಗೆ ಹಲವು ಕೀಗಳು ಸೇರಿರುತ್ತವೆ. ಗೆರೆಗಳೆಲ್ಲ ಬಂದು ಸೇರುವ ಕಡೆ ಹಾಳೆಯ ಅಂಚನ್ನು ಚಿಕ್ಕ ಸರ್ಕ್ಯೂಟ್ ಬೋರ್ಡ್‌ಗೆ ಒತ್ತಿ, ಮೇಲೆ ರಬ್ಬರ್ ಪಟ್ಟಿ ಇಟ್ಟು ಸ್ಕ್ರೂ ಬಿಗಿದಿರುತ್ತಾರೆ. ಬೆಸುಗೆ ಇರಲ್ಲ, ಬರೀ ಒತ್ತಡ. ಒಂದೇ ಕೀ ಸತ್ತರೆ ಧೂಳೋ, ಕೀ ಕೆಳಗಿನ ರಬ್ಬರ್ ಬಟ್ಟಲೋ ಕಾರಣ ಇರಬಹುದು. ಒಂದು ಗುಂಪೇ ಸತ್ತರೆ ಗೆರೆ ಕಡಿದಿದೆ, ಇಲ್ಲವೇ ಆ ಒತ್ತಡ ಸಡಿಲ ಆಗಿದೆ.

ವ್ಯಾಪಾರಿಗೆ ಫೋನ್ ಮಾಡಿದರೆ ಅವರು ಹೇಳಿದ್ದು ಒಂದೇ ಮಾತು. "ಕೆಫೆ ಅಂದ್ಮೇಲೆ ಕಸ್ಟಮರ್ ಚಹಾ ಚೆಲ್ಲಿರ್ತಾರೆ ಸರ್, ವಾರಂಟಿ ಬರಲ್ಲ." ನನಗೆ ತುಂಬಾ ಬೇಜಾರಾಯಿತು, ನೋಡದೇ ಹೇಳಿದ ಮಾತು ಅದು. ಒಂದನ್ನು ಬಿಚ್ಚಿ ತೋರಿಸುತ್ತೇನೆ ಅಂತ ವಾಟ್ಸಾಪ್‌ನಲ್ಲಿ ಒಪ್ಪಿಗೆ ತಗೊಂಡೇ ಬಿಚ್ಚಿದೆ. ಉಳಿದವನ್ನು ಮುಟ್ಟಲಿಲ್ಲ. ನೀವೂ ಹಾಗೇ ಮಾಡಿ, ಕೇಳದೆ ಬಿಚ್ಚಿದರೆ ಅದನ್ನೇ ನೆಪ ಮಾಡಿಕೊಳ್ಳುತ್ತಾರೆ.

ಚಹಾ ಬಿದ್ದಿದ್ದರೆ ಹಾಳೆಗಳ ನಡುವೆ ಕಂದು ಕಲೆ, ಅಂಟು ಇರುತ್ತದೆ. ಅಲ್ಲಿ ಗೆರೆ ಕಪ್ಪಾಗಿರುತ್ತದೆ. ನಮ್ಮದರಲ್ಲಿ ಹಾಳೆ ಹೊಸದರ ಹಾಗಿತ್ತು. ಆದರೆ ಸ್ಕ್ರೂ ಕೂರುವ ಪ್ಲಾಸ್ಟಿಕ್ ಕಂಬ ಸೀಳಿತ್ತು, ಸ್ಕ್ರೂ ಸುಮ್ನೆ ತಿರುಗುತ್ತಿತ್ತು. ರಬ್ಬರ್ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ A ಬೀಳುತ್ತದೆ, ಬಿಟ್ಟರೆ ಇಲ್ಲ. ಅದನ್ನೇ ವಿಡಿಯೋ ಮಾಡಿ ಈ ಇಮೇಲ್ ಕಳಿಸಿದೆ:

"ನಮಸ್ಕಾರ ಸರ್. ನಿಮ್ಮಿಂದ ತರಿಸಿದ 12 ಕೀಬೋರ್ಡ್‌ಗಳಲ್ಲಿ 6ರಲ್ಲಿ A, Q, Z, 1 ಒಟ್ಟಿಗೆ ನಿಂತಿವೆ. ಬೇರೆ ಕಂಪ್ಯೂಟರ್‌ಗಳಲ್ಲೂ ಪರೀಕ್ಷಿಸಿದ್ದೇನೆ. ನಿಮ್ಮ ಒಪ್ಪಿಗೆ ಮೇಲೆ ಬಿಚ್ಚಿದ ಒಂದರ ವಿಡಿಯೋ, ಎಲ್ಲದರ ಹಿಂದಿನ ಲೇಬಲ್ ಫೋಟೋ, ಬಿಲ್ ಲಗತ್ತಿಸಿದ್ದೇನೆ. ಏಳನೆಯದರಲ್ಲಿ ಸ್ಪೇಸ್ ಬಾರ್ ಮಾತ್ರ ಧೂಳಿಗೆ ಅಂಟುತ್ತದೆ, ಅದನ್ನು ಕೇಳುತ್ತಿಲ್ಲ. ಎಲ್ಲವೂ ಒಂದೇ ಬ್ಯಾಚ್ ಸಂಖ್ಯೆಯವು. ಹಾಗಾಗಿ 6ಕ್ಕೆ ಬೇರೆ ಬ್ಯಾಚಿನ ಮಾಲು ಕಳಿಸಿ. ಉಳಿದವು ವಾರಂಟಿಯೊಳಗೆ ಹೀಗೇ ಕೆಟ್ಟರೆ ಬದಲಿಸುತ್ತೇವೆ ಎಂದು ಬರೆದು ಕೊಡಿ. ಕೊರಿಯರ್ ಖರ್ಚು ನಿಮ್ಮದು. ಹತ್ತು ದಿನದಲ್ಲಿ ಉತ್ತರ ಬೇಕು."

ಧೂಳಿನದನ್ನು ಬೇಕಂತಲೇ ಬಿಟ್ಟೆ. ನಮ್ಮೂರಿನ ಬೇಸಿಗೆ ಧೂಳಿನಲ್ಲಿ ಕೀ ಅಂಟುವುದು ಅವರ ತಪ್ಪಲ್ಲ. ಅದನ್ನೂ ಸೇರಿಸಿದ್ದರೆ ಇಡೀ ದೂರನ್ನೇ ತಳ್ಳಿಹಾಕುತ್ತಿದ್ದರು.

ಮೊದಲು ಬಂದ ಉತ್ತರ, ಗೋದಾಮಿನಲ್ಲಿ ಉಳಿದ ಅದೇ ಬ್ಯಾಚಿನದು ಕಳಿಸುತ್ತೇವೆ ಅಂತ. ಒಪ್ಪಲಿಲ್ಲ. ಅದೇ ಸೀಳುವ ಕಂಬ ಅವುಗಳಲ್ಲೂ ಇರುತ್ತದೆ ಅಲ್ವಾ? ಕೆಡುವಷ್ಟರಲ್ಲಿ ವಾರಂಟಿಯೂ ಮುಗಿದಿರಬಹುದು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಅಂತ ಬರೆದ ಮೇಲೆ ಬೇರೆ ಬ್ಯಾಚಿನ 6 ಬಂದವು. ಕೊರಿಯರ್ ಖರ್ಚು ನನ್ನ ತಲೆಗೇ ಕಟ್ಟಿದರು. ವ್ಯಾಪಾರಕ್ಕೆ ಕೊಂಡವರು ಗ್ರಾಹಕರೇ ಅಲ್ಲ ಅಂತ ನಿಮಗೂ ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ಉದ್ಯೋಗದಿಂದ ಹೊಟ್ಟೆಪಾಡಿಗೆ ಕೊಂಡ ವಸ್ತುವಿಗೆ ವಿನಾಯಿತಿ ಇದೆ. ನಮ್ಮಂಥ ಸಣ್ಣ ಕೆಫೆಯವರು ಆ ಮಾತು ಹಿಡಿಯಬಹುದು.

ಹೊಸ ಮಾಲು ಬಂದ ದಿನವೇ ಲೇಬಲ್ ಫೋಟೋ ತೆಗೆದಿಡಿ. ವಿಂಡೋಸ್ ಬಟನ್ ಜೊತೆ R ಒತ್ತಿ `osk` ಎಂದು ಹೊಡೆದು ಎಂಟರ್ ಒತ್ತಿದರೆ ಪರದೆ ಮೇಲೆ ಕೀಬೋರ್ಡ್ ಬರುತ್ತದೆ. ಕೈಯಲ್ಲಿರುವುದರ ಕೀ ಒತ್ತಿದಾಗ ಅಲ್ಲಿ ಅದೇ ಕೀ ಬಣ್ಣ ಬದಲಾಗಬೇಕು. ತಿಂಗಳಿಗೊಮ್ಮೆ ಹೀಗೆ ನೋಡಿ, ಯಾವ ಕೀಗಳು ಒಟ್ಟಿಗೆ ಸಾಯುತ್ತಿವೆ ಅಂತ ತಾರೀಕು ಸಮೇತ ಬರೆದಿಡಿ. ವಾರಂಟಿ ಕೇಳುವಾಗ ಬಿಲ್ ಜೊತೆ ಆ ಪಟ್ಟಿಯನ್ನೂ ಕಳಿಸಿ.